ಅಕ್ಸೆಶನ್ ರಿಜಿಸ್ಟರಿನಲ್ಲಿ ಒಂದು ಚಂದ್ರಕಾಳಿ ಸೀರೆ: ‘ಸಾಮಗ್ರಿ’ ಮತ್ತು ‘ಮೂಲ’ ಕಾಲಂಗಳಲ್ಲಿ ಏನು ಬರೆಯಬೇಕು?

ಕಾಲೇಜು ಸಂಗ್ರಹ, ಧಾರವಾಡ

ನಮ್ಮ ಕಾಲೇಜಿನ ಇತಿಹಾಸ ವಿಭಾಗದಲ್ಲಿ ಎರಡು ಕೋಣೆಗಳ ಸಣ್ಣ ವಸ್ತುಸಂಗ್ರಹವಿದೆ. ರಿಜಿಸ್ಟರ್ ಬರೆಯುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಕಳೆದ ತಿಂಗಳು ಊರಿನವರೇ ಆದ ಹಿರಿಯ ಮಹಿಳೆಯೊಬ್ಬರು ತಮ್ಮ ಅಜ್ಜಿಯ ಕಪ್ಪು ಚಂದ್ರಕಾಳಿ ಸೀರೆಯನ್ನೂ ಅದರ ಜೊತೆಗಿನ ಖಣದ ಕುಪ್ಪಸವನ್ನೂ ಕೊಟ್ಟರು. ಸೀರೆಗೆ ಕೆಂಪು ದಡಿ ಮತ್ತು ತೋಪ ತೆನಿ ಸೆರಗು ಇವೆ. ಸೆರಗಿನ ಹತ್ತಿರ ಗೋಪುರ, ತೇರು, ಆನೆಗಳ ಕಸೂತಿ ದಟ್ಟವಾಗಿದ್ದು, ಒಡಲಿನ ಕಡೆಗೆ ಹೋದಂತೆ ಚಿತ್ರಗಳು ಚಿಕ್ಕದಾಗುತ್ತ ವಿರಳವಾಗುತ್ತವೆ.

ಸೀರೆ ಶುದ್ಧ ರೇಷ್ಮೆಯದು, ಇಳಕಲ್ಲಿನದು, ನೂರೈವತ್ತು ವರ್ಷ ಹಳೆಯದು ಎಂದು ಅವರು ಹೇಳಿದರು. ನಾನು ಪೆನ್ಸಿಲ್ಲಿನಲ್ಲಿ ‘ಸಾಮಗ್ರಿ: ರೇಷ್ಮೆ, ಮೂಲ: ಇಳಕಲ್, ಕಾಲ: 1875’ ಎಂದು ಬರೆದಿಟ್ಟುಕೊಂಡಿದ್ದೇನೆ. ಶಾಯಿಯಲ್ಲಿ ಬರೆಯಲು ಮಾತ್ರ ಕೈ ಬರುತ್ತಿಲ್ಲ, ಏಕೆಂದರೆ ಈ ಮೂರು ಮಾತುಗಳಲ್ಲಿ ನಾನೇ ಕಣ್ಣಾರೆ ಕಂಡು ತಿಳಿದದ್ದು ಯಾವುದೂ ಇಲ್ಲ. ಇಂಥ ದಾಖಲೆ ಬರೆದು ರೂಢಿಯಿರುವವರು ದಾರಿ ತೋರಿಸಬೇಕು.

ಮಹಾವೀರ ಗಲ್ಲಿಯ ಅಂಗಡಿಕಾರ, ಹುಬ್ಬಳ್ಳಿ

ಮೇಡಂ, ಇದು ದೊಡ್ಡ ಸಮಸ್ಯೆಯೇ ಅಲ್ಲ. ದಡಿಯಿಂದ ಒಂದು ಎಳೆ ಕಿತ್ತು ಬೆಂಕಿ ಹಚ್ಚಿ ನೋಡಿರಿ. ಸುಟ್ಟ ಕೂದಲಿನ ವಾಸನೆ ಬಂದು, ಉಳಿದ ಕಪ್ಪು ಗುಳಿಗೆ ಬೆರಳಿನಲ್ಲಿ ಪುಡಿಯಾದರೆ ಅದು ರೇಷ್ಮೆ. ಸುಟ್ಟ ಕಾಗದದ ವಾಸನೆ ಬಂದರೆ ಹತ್ತಿ ಅಥವಾ ಆರ್ಟ್ ಸಿಲ್ಕ್. ಮೂವತ್ತು ವರ್ಷಗಳಿಂದ ನಾವು ಗಿರಾಕಿಗಳ ಎದುರೇ ಹೀಗೆ ತೋರಿಸುತ್ತ ಬಂದಿದ್ದೇವೆ. ಮುಟ್ಟಿದರೆ ತಂಪಾಗಿದ್ದು ಹೊಳಪೂ ಇದ್ದರೆ ಅಷ್ಟೂ ಬೇಕಾಗಿಲ್ಲ, ರೇಷ್ಮೆ ಎಂದೇ ಬರೆಯಿರಿ.

ಹಳೆ ರಿಜಿಸ್ಟರ್

ಅಂಗಡಿಯ ಸೀರೆಗೆ ಆ ಪರೀಕ್ಷೆ ಸರಿ, ವಾಸನೆಯ ವಿವರಣೆಯೂ ಸರಿ. ಆದರೆ ಸಂಗ್ರಹಕ್ಕೆ ಸೇರಿದ ವಸ್ತುವಿನಿಂದ ಎಳೆ ಕೀಳುವುದು ಬೇಡ. ಎಂದಾದರೂ ತಾನಾಗಿಯೇ ಕಡಿದು ಬಿದ್ದ ಎಳೆ ಸಿಕ್ಕರೆ ಅದನ್ನೂ ಸುಡದೆ ಎತ್ತಿಡಿ. ಸುಟ್ಟ ಎಳೆಯನ್ನು ನಾಳೆ ಮತ್ತೊಬ್ಬರು ನೋಡಲಾರರು. ಹೊಳಪು, ತಂಪು ನೋಡಿ ರೇಷ್ಮೆ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆರ್ಟ್ ಸಿಲ್ಕ್ ಹುಟ್ಟಿದ್ದೇ ಆ ಎರಡು ಗುಣಗಳನ್ನು ಅನುಕರಿಸಲು.

ಮೇಡಂ, ಸರಕಾರಿ ವಸ್ತುಸಂಗ್ರಹಾಲಯವೊಂದರಲ್ಲಿ ಇಪ್ಪತ್ತಾರು ವರ್ಷ ಈ ಕೆಲಸ ಮಾಡಿ ನಿವೃತ್ತನಾದವನು ನಾನು. ನಿಮ್ಮ ಕೈ ಬಾರದಿದ್ದುದು ಒಳ್ಳೆಯದೇ ಆಯಿತು. ಮೊದಲು ಸಂಖ್ಯೆ ಕೊಡಿ. ವರ್ಷ, ಆ ವರ್ಷದ ಎಷ್ಟನೆಯ ಸೇರ್ಪಡೆ, ಅದರೊಳಗಿನ ಎಷ್ಟನೆಯ ವಸ್ತು, ಈ ಕ್ರಮ ಸಣ್ಣ ಸಂಗ್ರಹಕ್ಕೆ ಸಾಕು. ಇದು 2025ರ ಹದಿನಾಲ್ಕನೆಯ ಸೇರ್ಪಡೆಯಾದರೆ ಸೀರೆ 2025.14.1, ಕುಪ್ಪಸ 2025.14.2 ಆಗುತ್ತವೆ. ಒಬ್ಬರೇ ಒಂದೇ ದಿನ ಕೊಟ್ಟರೆಂಬುದು ಆ ಸಂಖ್ಯೆಯಲ್ಲೇ ಉಳಿಯುತ್ತದೆ. ನಾಳೆ ಸೀರೆ ಇಲ್ಲವಾದರೂ ಆ ಸಂಖ್ಯೆಯನ್ನು ಬೇರೆ ವಸ್ತುವಿಗೆ ಕೊಡಬಾರದು.

ಇನ್ನು ಸಾಮಗ್ರಿ. ‘ಸೀರೆ ಯಾವುದರದು’ ಎಂಬ ಪ್ರಶ್ನೆಯೇ ತಪ್ಪು ದಾರಿಗೆ ಎಳೆಯುತ್ತದೆ, ಏಕೆಂದರೆ ಈ ಜಾತಿಯ ಸೀರೆ ಒಂದೇ ನೂಲಿನದಾಗಿರುವುದು ಅಪರೂಪ. ಒಡಲಿನ ಹಾಸು, ಒಡಲಿನ ಹೊಕ್ಕು, ದಡಿ, ಸೆರಗು, ಕಸೂತಿಯ ದಾರ, ಹೀಗೆ ಒಂದೊಂದಕ್ಕೂ ಬೇರೆ ಸಾಲು ಬರೆಯಿರಿ. ಪ್ರತಿ ಸಾಲಿನ ಕೊನೆಗೆ ಅದು ಹೇಗೆ ತಿಳಿಯಿತು ಎಂಬುದನ್ನು ಸೇರಿಸಿರಿ: ಬರಿಗಣ್ಣಿಗೆ, ಮಸೂರದಲ್ಲಿ, ಸೂಕ್ಷ್ಮದರ್ಶಕದಲ್ಲಿ, ಅಥವಾ ದಾನಿ ಹೇಳಿದಂತೆ. ‘ರೇಷ್ಮೆ, ದಾನಿ ಹೇಳಿದಂತೆ’ ಎಂಬ ಸಾಲು ಪ್ರಾಮಾಣಿಕವಾದದ್ದು. ಬರಿದೇ ‘ರೇಷ್ಮೆ’ ಎಂದರೆ ಇಪ್ಪತ್ತು ವರ್ಷಗಳ ನಂತರ ಓದುವವರು ಯಾರೋ ಪರೀಕ್ಷಿಸಿ ಬರೆದಿದ್ದಾರೆಂದು ನಂಬುತ್ತಾರೆ.

ಗದಗಿನವ

ನನ್ನ ಪ್ರಶ್ನೆಗೂ ಇಲ್ಲೇ ಉತ್ತರ ಸಿಗಬಹುದು. ಹಲವು ವರ್ಷಗಳ ಹಿಂದೆ ನಮ್ಮ ತಂದೆ ಮನೆದೇವರ ಮುಂದಿನ ತೂಗುದೀಪವನ್ನು ಒಂದು ಸಂಸ್ಥೆಗೆ ಕೊಟ್ಟಿದ್ದರು. ಈಗ ಮನೆಯಲ್ಲಿ ಒಂದು ಕಾರ್ಯವಿದ್ದು, ಅದರ ಫೋಟೋ ಬೇಕೆಂದು ಹೋದೆವು. ಅವರ ಪುಸ್ತಕದಲ್ಲಿ ‘ಹಿತ್ತಾಳೆ ದೀಪ, ಒಂದು, ಗದಗ’ ಎಂದಿದೆ. ಕಪಾಟಿನಲ್ಲಿ ಅಂಥವು ಐದು ಇವೆ. ಯಾವುದು ನಮ್ಮದೆಂದು ಅವರಿಗೂ ಗೊತ್ತಿಲ್ಲ, ನನಗೂ ಗುರುತು ಹತ್ತಲಿಲ್ಲ. ನಮ್ಮ ದೀಪ ಪಂಚಲೋಹದ್ದು, ಹಿತ್ತಾಳೆ ಎಂದು ಬರೆದದ್ದೇ ತಪ್ಪು. ಆ ಪುಸ್ತಕವನ್ನು ತಿದ್ದಿಸಿ, ಇದು ಇಷ್ಟು ಹಳೆಯ ಪ್ರಾಚ್ಯವಸ್ತು ಎಂಬ ಪ್ರಮಾಣಪತ್ರ ಪಡೆಯಲು ಸಾಧ್ಯವೇ?

ಹಳೆ ರಿಜಿಸ್ಟರ್

ನೀವು ಕೇಳುತ್ತಿರುವುದು ಬೇರೆಯೇ ವಿಷಯ. ಸಂಗ್ರಹದ ರಿಜಿಸ್ಟರ್ ಯಾವ ವಸ್ತುವಿಗೂ ವಯಸ್ಸಿನ ಪ್ರಮಾಣಪತ್ರ ಕೊಡುವುದಿಲ್ಲ. ಪ್ರಾಚ್ಯವಸ್ತು ಎಂಬುದು 1972ರ ಕಾಯಿದೆಯ ಮಾತು. ಅದರಲ್ಲಿ ಸಾಮಾನ್ಯವಾಗಿ ನೂರು ವರ್ಷ, ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ ಎಂದಿದೆ. ಅದರ ನೋಂದಣಿ ಅಧಿಕಾರಿಗಳೇ ಬೇರೆ.

ಆದರೆ ನಿಮ್ಮ ದೀಪ ಕಳೆದುಹೋದ ಬಗೆ ಇಲ್ಲಿಯ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ‘ಹಿತ್ತಾಳೆ’ಯ ಬದಲು ‘ಪಂಚಲೋಹ’ ಎಂದು ಬರೆದಿದ್ದರೂ ಆ ಐದರಲ್ಲಿ ಅದು ಸಿಗುತ್ತಿರಲಿಲ್ಲ. ಎತ್ತರ, ಅಗಲ, ತೂಕ, ಸರಪಳಿಯ ಕೊಂಡಿಗಳೆಷ್ಟು, ಬತ್ತಿಯ ಬಾಯಿಗಳೆಷ್ಟು, ಯಾವ ಬಾಯಿ ಮುಕ್ಕಾಗಿದೆ, ಇವುಗಳಲ್ಲಿ ಎರಡನ್ನು ಬರೆದಿದ್ದರೂ ಸಿಗುತ್ತಿತ್ತು. ಲೋಹದ ವಿಷಯದಲ್ಲಿ ಕಣ್ಣಿನಿಂದ ಹಿತ್ತಾಳೆ, ಕಂಚು ಎಂದು ಬೇರ್ಪಡಿಸುವುದೇ ಕಷ್ಟವಾದ್ದರಿಂದ ನಾವು ‘ತಾಮ್ರದ ಮಿಶ್ರಲೋಹ, ವಿಶ್ಲೇಷಣೆ ಆಗಿಲ್ಲ’ ಎಂದು ಬರೆಯುತ್ತಿದ್ದೆವು. ಪಂಚಲೋಹ ಎಂಬುದು ಮನೆಯವರ ಮಾತು. ಅದನ್ನು ಅವರ ಮಾತಾಗಿಯೇ ಬೇರೆ ಸಾಲಿನಲ್ಲಿ ಇಡಬಹುದು.

ಕಾಲೇಜು ಸಂಗ್ರಹ, ಧಾರವಾಡ

ಸರ್, ನೀವು ಹೇಳಿದಂತೆ ಸಂಖ್ಯೆ ಕೊಟ್ಟೆ. ನಿನ್ನೆ ಎರಡು ಮೇಜು ಜೋಡಿಸಿ, ಮೇಲೆ ಒಗೆದ ಬಿಳಿ ಕೋರಾ ಬಟ್ಟೆ ಹಾಸಿ ಸೀರೆಯನ್ನು ಪೂರ್ತಿ ಬಿಚ್ಚಿದೆವು. ಉದ್ದ 7.28 ಮೀಟರ್, ಅಗಲ 1.14 ಮೀಟರ್. ದಡಿ 10.5 ಸೆಂಟಿಮೀಟರ್, ಸೆರಗು 46 ಸೆಂಟಿಮೀಟರ್. ಸೆರಗಿನಲ್ಲಿ ಮೂರು ಕೆಂಪು ಪಟ್ಟಿಗಳು, ನಡುವೆ ಎರಡು ಬಿಳಿ ಪಟ್ಟಿಗಳು. ಒಳತುದಿಯಿಂದ 62 ಸೆಂಟಿಮೀಟರ್ ದೂರದಲ್ಲಿ, ಕೆಳದಡಿಗೆ ಹತ್ತಿಕೊಂಡಂತೆ, ಹೆಬ್ಬೆರಳಿನಷ್ಟು ಹರಿದ ಜಾಗವನ್ನು ಯಾರೋ ನೀಲಿ ದಾರದಿಂದ ಹೊಲಿದಿದ್ದಾರೆ.

ಬಿಚ್ಚುವಾಗ ಹಾಸಿದ ಬಟ್ಟೆಯ ಮೇಲೆ ಕೆಂಪು ಎಳೆಯ ತುಂಡೊಂದು ಬಿದ್ದದ್ದು ಕಂಡಿತು. ದಡಿಯ ಒಂದು ಸವೆದ ಭಾಗದಲ್ಲಿ ಅಂಥದೇ ಎಳೆಗಳು ಎದ್ದು ನಿಂತಿರುವುದರಿಂದ ಅಲ್ಲಿಯದೇ ಎಂಬುದು ಸ್ಪಷ್ಟ. ಸಸ್ಯಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಅದರ ಅರ್ಧವನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಗ್ಲಿಸರಿನ್‌ನಲ್ಲಿಟ್ಟು, ಸೂಜಿಯಿಂದ ಬಿಡಿಬಿಡಿ ಮಾಡಿ, 400 ಪಟ್ಟು ಹಿಗ್ಗಿಸಿ ತೋರಿಸಿದರು. ಪ್ರತಿ ನಾರಿನ ಮೈಮೇಲೂ ಉದ್ದಕ್ಕೆ ಗೀರು ಎಳೆದಂತೆ ಸಣ್ಣ ಸಣ್ಣ ಗೆರೆಗಳಿದ್ದವು. ಹೋಲಿಕೆಗೆಂದು ನನ್ನದೇ ರೇಷ್ಮೆ ಸೀರೆಯ ಒಂದು ಎಳೆ ಇಟ್ಟು ನೋಡಿದರೆ ಅದು ಗಾಜಿನ ಕಡ್ಡಿಯಂತೆ ನುಣುಪಾಗಿ ಕಂಡಿತು. ಉಳಿದ ಅರ್ಧ ಎಳೆಯನ್ನು ಸಂಖ್ಯೆ ಬರೆದ ಲಕೋಟೆಯಲ್ಲಿ ಇಟ್ಟಿದ್ದೇನೆ. ಇದರಿಂದ ಏನು ತಿಳಿಯಬೇಕು?

ಹಳೆ ರಿಜಿಸ್ಟರ್

ಉದ್ದಗೆರೆಗಳ ನಾರು ವಿಸ್ಕೋಸ್ ರೇಯಾನ್, ಅಂದರೆ ಆರ್ಟ್ ಸಿಲ್ಕ್. ಗೋಂದು ತೆಗೆದ ರೇಷ್ಮೆಗೆ ಗೆರೆಗಳಿರುವುದಿಲ್ಲ. ಹತ್ತಿಯಾಗಿದ್ದರೆ ತಿರುಚಿದ ಚಪ್ಪಟೆ ಪಟ್ಟಿಯಂತೆ ಕಾಣುತ್ತಿತ್ತು. ಹೋಲಿಕೆಗೆ ನಿಮ್ಮದೇ ಎಳೆ ಇಟ್ಟು ನೋಡಿದ್ದು ಬಹಳ ಒಳ್ಳೆಯ ಕೆಲಸ. ಆ ಮಾತೂ ದಾಖಲೆಯಲ್ಲಿರಲಿ.

ಈಗ ‘ಕಾಲ’ದ ಕಾಲಂ ತಾನಾಗಿಯೇ ಅಲುಗಾಡಿತು. ವಿಸ್ಕೋಸ್ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1892ರಲ್ಲಿ. ಕೊವೆಂಟ್ರಿಯ ಕಾರ್ಖಾನೆಯಲ್ಲಿ ಅದರ ನೂಲು ವ್ಯಾಪಾರಕ್ಕೆಂದು ತಯಾರಾಗತೊಡಗಿದ್ದು 1905ರಲ್ಲಿ. ಆದ್ದರಿಂದ ಈ ದಡಿ 1875ರದಾಗಿರಲಾರದು. ಅದು ನಮ್ಮ ಕಡೆಯ ಮಗ್ಗಗಳಿಗೆ ಬರಲು ಇನ್ನಷ್ಟು ವರ್ಷಗಳು ಹಿಡಿದಿರಬೇಕು. ಅವಸರ ಮಾತ್ರ ಬೇಡ. ನಮಗೆ ಸಿಕ್ಕಿರುವುದು ದಡಿಯ ಎಳೆ, ಸೀರೆಯ ಎಳೆಯಲ್ಲ. ಹಳೆಯ ಒಡಲಿಗೆ ಮುಂದೆ ಎಂದೋ ಹೊಸ ದಡಿ ಹೊಲಿದಿದ್ದರೆ ಈ ವರ್ಷ ದಡಿಗಷ್ಟೇ ಅನ್ವಯಿಸುತ್ತದೆ. ದಡಿಯೂ ಒಡಲೂ ಕೂಡುವ ಜಾಗವನ್ನು ಹಿಂಬದಿಯಿಂದ, 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ ಹೇಳಿರಿ.

ಬೆಟಗೇರಿ ಮಗ್ಗ

ಅಕ್ಕಾರ, ನೋಡುವಾಗ ಏನನ್ನು ಹುಡುಕಬೇಕೆಂದು ನಾನು ಹೇಳುತ್ತೇನೆ. ನಮ್ಮದು ಮೂರು ತಲೆಮಾರಿನ ನೇಕಾರ ಮನೆತನ. ಒಂದೇ ಲಾಳಿಯಿಂದ ನೇಯ್ದಿದ್ದರೆ ಒಡಲಿನ ಹೊಕ್ಕು ನೇರವಾಗಿ ದಡಿಯೊಳಗೆ ಹಾಯ್ದು ಅಂಚಿನಲ್ಲಿ ತಿರುಗಿ ಬಂದಿರುತ್ತದೆ. ಮೂರು ಲಾಳಿಯಿಂದ ನೇಯ್ದಿದ್ದರೆ ದಡಿಯ ಹೊಕ್ಕು ಬೇರೆ, ಒಡಲಿನ ಹೊಕ್ಕು ಬೇರೆ ಇದ್ದು, ಎರಡೂ ಕೂಡುವಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಈ ಎರಡರಲ್ಲಿ ಯಾವುದು ಕಂಡರೂ ದಡಿ ಮತ್ತು ಒಡಲು ಒಂದೇ ಮಗ್ಗದ ಮೇಲೆ ಒಂದೇ ಸಲ ಆದವು ಎಂದರ್ಥ. ಸೂಜಿಯ ಹೊಲಿಗೆ ಕಂಡರೆ ಮಾತ್ರ ಬೇರೆ ಮಾತು. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅಲ್ಲಿ ಅಡ್ಡಕ್ಕೆ ಸಣ್ಣ ಕುಣಿಕೆಗಳ ಸಾಲು ಕಾಣಬೇಕು.

ನೀವು ರೇಯಾನ್ ಎನ್ನುವುದನ್ನು ನಾವು ಚಮಕಾ ಎನ್ನುತ್ತೇವೆ. ದಾಖಲೆಯಲ್ಲಿ ಆ ಹೆಸರೂ ಇರಲಿ, ಮುಂದೆ ನೇಕಾರರು ಹುಡುಕಿದರೆ ಅದೇ ಹೆಸರಿನಿಂದ ಹುಡುಕುತ್ತಾರೆ.

ಮತ್ತೊಂದು ಮಾತು. ಕೊಂಡಿ ಇದ್ದ ಮಾತ್ರಕ್ಕೆ ಮೂಲ ಇಳಕಲ್ ಎಂದು ಬರೆಯಬೇಡಿರಿ. ಈ ನೇಯ್ಗೆ ನಮ್ಮ ಬೆಟಗೇರಿಯಲ್ಲಿಯೂ ಇತ್ತು, ಗಜೇಂದ್ರಗಡದಲ್ಲಿ ಈಗಲೂ ಇದೆ. ಇಳಕಲ್ ಎಂಬುದು ಊರಿನ ಹೆಸರೂ ಹೌದು, ಸೀರೆಯ ಜಾತಿಯ ಹೆಸರೂ ಹೌದು.

ಹಾವೇರಿ ಸಂಶೋಧಕಿ

ಇಲ್ಲಿಯ ಮಾತಿನ ಧಾಟಿಗೆ ನನ್ನದೊಂದು ತಕರಾರಿದೆ. ದಾನಿಯ ಮಾತನ್ನು ಸುಳ್ಳೆಂದು ಸಾಬೀತು ಮಾಡುವುದೇ ದಾಖಲೆಯ ಕೆಲಸವೆಂಬಂತೆ ಎಲ್ಲರೂ ಬರೆಯುತ್ತಿದ್ದೀರಿ. ಹಳ್ಳಿಗಳಲ್ಲಿ ಹೆಂಗಸರ ನೆನಪು ಸಂಗ್ರಹಿಸುತ್ತಿರುವ ನನ್ನ ಅನುಭವದಲ್ಲಿ ‘ನೂರೈವತ್ತು ವರ್ಷ’ ಎಂಬುದು ಲೆಕ್ಕವಲ್ಲ, ‘ಬಹಳ ಹಳೆಯದು’ ಎನ್ನುವ ರೀತಿ. ಎಷ್ಟು ವರ್ಷ ಎಂದು ಕೇಳಿದ್ದೇ ತಪ್ಪು. ಆಗ ಏನು ನಡೆದಿತ್ತು, ಯಾರು ಹುಟ್ಟಿದ್ದರು, ಯಾವ ಬರ ಬಿದ್ದಿತ್ತು ಎಂದು ಕೇಳಬೇಕು. ಮತ್ತೊಮ್ಮೆ ಹೋಗಿ ಹಾಗೆ ಕೇಳಿ, ಅವರು ಆಡಿದ ಮಾತನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಿ. ಶಿಷ್ಟ ಕನ್ನಡಕ್ಕೆ ತಿದ್ದಬೇಡಿ.

ಹಳೆ ರಿಜಿಸ್ಟರ್

ಈ ತಕರಾರನ್ನು ಒಪ್ಪುತ್ತೇನೆ. ನಮ್ಮ ಕಾಲದ ರಿಜಿಸ್ಟರುಗಳಲ್ಲಿ ಅಂಥ ಮಾತಿಗೆ ಕಾಲಂ ಇರಲಿಲ್ಲ. ‘ಮೂಲ’ ಎಂಬ ಒಂದೇ ಕಾಲಂ ಇತ್ತು. ಒಬ್ಬ ಗುಮಾಸ್ತರು ಅಲ್ಲಿ ವಸ್ತು ತಯಾರಾದ ಊರನ್ನು ಬರೆದರೆ, ಇನ್ನೊಬ್ಬರು ಅದು ಸಿಕ್ಕ ಊರನ್ನು, ಮತ್ತೊಬ್ಬರು ಕೊಟ್ಟವರ ಊರನ್ನು ಬರೆಯುತ್ತಿದ್ದರು. ಗದಗಿನವರ ದೀಪದ ಮುಂದೆ ‘ಗದಗ’ ಎಂದಿರುವುದು ಈ ಮೂರರಲ್ಲಿ ಯಾವುದೆಂದು ಇಂದು ಹೇಳಲು ಯಾರಿಂದಲೂ ಆಗದು.

ಮೇಡಂ, ಆ ಕಾಲಂ ಒಡೆಯಿರಿ. ಎಲ್ಲಿ ತಯಾರಾಯಿತು, ಎಲ್ಲಿ ಬಳಕೆಯಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂತು, ಕಾಲೇಜಿಗೆ ಯಾವ ರೀತಿಯಲ್ಲಿ ಬಂತು, ಈ ನಾಲ್ಕೂ ಬೇರೆ ಬೇರೆ ಇರಲಿ. ಕೈ ಬದಲಾದ ಸರಪಳಿಯಲ್ಲಿ ಒಂದು ಕೊಂಡಿ ತಿಳಿಯದಿದ್ದರೆ ಅಲ್ಲಿ ‘ತಿಳಿದಿಲ್ಲ’ ಎಂದೇ ಬರೆಯಿರಿ. ಬಿಟ್ಟ ಜಾಗ ಮುಂದಿನವರಿಗೆ ಮರೆತದ್ದೋ ಇಲ್ಲದ್ದೋ ತಿಳಿಯದೆ ಹೋಗುತ್ತದೆ. ಆ ಅಮ್ಮನವರಿಗೆ ಅಕ್ಕತಂಗಿಯರಿದ್ದಾರೆಯೇ ಎಂಬುದನ್ನೂ ಕೇಳಿರಿ. ಅಜ್ಜಿಯ ಸೀರೆ ಒಬ್ಬರದೇ ಆಗಿರಬೇಕೆಂದಿಲ್ಲ.

ಕಾಲೇಜು ಸಂಗ್ರಹ, ಧಾರವಾಡ

ಉತ್ತರಿಸಲು ತಡವಾಯಿತು. ಮೊದಲು ಮಸೂರದಲ್ಲಿ ಕಂಡದ್ದನ್ನು ಹೇಳುತ್ತೇನೆ. ಒಡಲಿನ ಕಪ್ಪು ಹೊಕ್ಕು ದಡಿಯೊಳಗೆ ನೇರವಾಗಿ ಹಾಯ್ದು, ಅಂಚಿನಲ್ಲಿ ತಿರುಗಿ ಬಂದಿದೆ. ದಡಿಯ ಕೆಂಪಿನಲ್ಲಿ ನಾವು ಕಂಡ ಮಂಕು ಛಾಯೆ ಕೊಳೆಯಲ್ಲ, ಈ ಕಪ್ಪು ಹೊಕ್ಕಿನದು. ಎರಡೂ ದಡಿಗಳಲ್ಲಿ ಎಲ್ಲೂ ಸೂಜಿಯ ಹೊಲಿಗೆ ಇಲ್ಲ. ಸೆರಗು ಕೂಡುವಲ್ಲಿ ಕುಣಿಕೆಗಳ ಸಾಲು ಬೆಟಗೇರಿಯವರು ಹೇಳಿದಂತೆಯೇ ಅಡ್ಡಕ್ಕೆ ಕಂಡಿತು. ಹಾಗಾದರೆ ಒಡಲು ನೇಯ್ದದ್ದೂ ಚಮಕಾ ಬಂದ ನಂತರವೇ.

ದಾನಿಯ ಮನೆಗೂ ಹೋಗಿ ಬಂದೆ. ವರ್ಷ ಕೇಳದೆ, ಅಜ್ಜಿಯ ಮದುವೆ ಯಾವಾಗ ಆಯಿತೆಂದು ಹೇಳುತ್ತಿದ್ದರು ಎಂದು ಕೇಳಿದೆ. ಅವರ ಮಾತು ಹೀಗಿತ್ತು: ‘ನಮ್ಮ ಆಯಿ ಮದುವಿ ಸೀರಿರೀ ಇದು. ಬೆಳಗಾವಿ ಕಾಂಗ್ರೆಸ್ಸಿಗೆ ನಮ್ಮ ಮುತ್ತಜ್ಜ ಗಾಂಧೀಜಿನ್ನ ನೋಡಾಕ ಹೋಗಿದ್ನಂತ. ಅದರ ಮುಂದಿನ ಬ್ಯಾಸಗ್ಯಾಗ ಮದುವಿ ಆತಂತ ಆಯಿ ಹೇಳತಿದ್ಲು.’ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರ ಡಿಸೆಂಬರಿನಲ್ಲಿ. ಹಾಗಾದರೆ ಮದುವೆ 1925ರ ಬೇಸಿಗೆಯಲ್ಲಿ ಆಗಿರಬೇಕು. ನಾರಿನ ಸಾಕ್ಷಿಗೂ ಈ ನೆನಪಿಗೂ ವಿರೋಧ ಕಾಣಲಿಲ್ಲ. ಅವರಿಗೆ ಒಬ್ಬ ತಂಗಿ ಇದ್ದಾರೆ. ಅವರೂ ದಾನಪತ್ರಕ್ಕೆ ಸಹಿ ಹಾಕಲು ಒಪ್ಪಿದ್ದಾರೆ, ಆದರೆ ಬರುವುದು ಮುಂದಿನ ತಿಂಗಳು. ಅಲ್ಲಿಯವರೆಗೆ ಕೊಟ್ಟಿರುವುದು ತಾತ್ಕಾಲಿಕ ರಸೀದಿ ಮಾತ್ರ.

ಬರೆದಿರುವ ಕರಡು ಇದು:

ಸಂಖ್ಯೆ: 2025.14.1
ವಸ್ತು: ಸೀರೆ, ಚಂದ್ರಕಾಳಿ, ಇಳಕಲ್ ಮಾದರಿ
ಸಾಮಗ್ರಿ: ಒಡಲಿನ ಹಾಸು ಹತ್ತಿ (ಮಸೂರದಲ್ಲಿ ನೋಡಿದಂತೆ). ಒಡಲಿನ ಹೊಕ್ಕು ಪರೀಕ್ಷಿಸಿಲ್ಲ, ದಾನಿ ಹೇಳಿದಂತೆ ರೇಷ್ಮೆ. ದಡಿ ವಿಸ್ಕೋಸ್ ರೇಯಾನ್, ನೇಕಾರರ ಮಾತಿನಲ್ಲಿ ಚಮಕಾ (ತಾನಾಗಿ ಕಡಿದ ಒಂದು ಎಳೆ, ಸೂಕ್ಷ್ಮದರ್ಶಕದಲ್ಲಿ, ರೇಷ್ಮೆಯ ಎಳೆಯೊಂದಿಗೆ ಹೋಲಿಸಿ). ಸೆರಗು ಪರೀಕ್ಷಿಸಿಲ್ಲ. ಕಸೂತಿ ದಾರ ಪರೀಕ್ಷಿಸಿಲ್ಲ.
ಬಣ್ಣ: ಒಡಲು ಕಪ್ಪು, ನೀಲಿಯಿಂದ ಮಾಡಿದ್ದು
ತಯಾರಾದ ಸ್ಥಳ: ತಿಳಿದಿಲ್ಲ, ದಾನಿ ಹೇಳಿದಂತೆ ಇಳಕಲ್
ಬಳಕೆಯ ಸ್ಥಳ: ಧಾರವಾಡ
ಕೈ ಬದಲಾದದ್ದು: ದಾನಿಯ ತಾಯಿಯ ತಾಯಿ, ಅವರಿಂದ ದಾನಿಯ ತಾಯಿ, ಅವರಿಂದ ದಾನಿ
ಕಾಲ: 1925ರ ಸುಮಾರು (ದಾನಿಯ ಹೇಳಿಕೆ, ಜೊತೆಗಿರಿಸಿದೆ). ದಡಿಯ ನಾರಿನ ಆಧಾರದ ಮೇಲೆ 1905ಕ್ಕಿಂತ ಹಿಂದಿನದಲ್ಲ.

ಹಳೆ ರಿಜಿಸ್ಟರ್

ಒಂದು ಸಾಲು ಬಿಟ್ಟು ಉಳಿದದ್ದಕ್ಕೆ ಶಾಯಿ ಹಚ್ಚಬಹುದು. ‘ನೀಲಿಯಿಂದ ಮಾಡಿದ್ದು’ ಎಂಬುದನ್ನು ತೆಗೆಯಿರಿ. ಚಂದ್ರಕಾಳಿಯ ಕಪ್ಪಿಗೆ ನೀಲಿ ಬಳಸುವ ಪದ್ಧತಿ ಇತ್ತು, ನಿಜ. ಆದರೆ ಪದ್ಧತಿ ಇತ್ತೆಂಬುದು ಈ ಸೀರೆಗೆ ಸಾಕ್ಷಿಯಾಗದು. ಕಾರ್ಖಾನೆಯ ನೀಲಿ 1897ರಿಂದಲೇ ಪೇಟೆಯಲ್ಲಿದ್ದುದರಿಂದ ನೀಲಿ ಎಂದ ಮೇಲೂ ಯಾವ ನೀಲಿ ಎಂಬ ಪ್ರಶ್ನೆ ಉಳಿಯುತ್ತದೆ. ‘ಕಪ್ಪು, ಬಣ್ಣದ ಮೂಲ ಪರೀಕ್ಷಿಸಿಲ್ಲ’ ಎಂದರೆ ಸಾಕು. ಹರಿದು ಹೊಲಿದ ಜಾಗವನ್ನೂ ಅದರ ದೂರದೊಂದಿಗೆ ಸೇರಿಸಿರಿ. ನಾಳೆ ಇಂಥದೇ ಮತ್ತೊಂದು ಚಂದ್ರಕಾಳಿ ಬಂದರೆ ಇದನ್ನು ಗುರುತಿಸುವುದು ಆ ನೀಲಿ ದಾರದಿಂದಲೇ.

ಹಾವೇರಿ ಸಂಶೋಧಕಿ

1925 ಎಂಬುದು ಮದುವೆಯ ವರ್ಷ. ಕಸೂತಿ ಅದಕ್ಕೂ ಮೊದಲು ತವರಿನಲ್ಲಿ ಆಯಿತೋ, ಮದುವೆಯ ನಂತರ ಅಜ್ಜಿಯೇ ಕೂತು ಹಾಕಿದ್ದೋ? ಹಾಕಿದ ಕೈ ಯಾರದೆಂಬ ಸಾಲು ಕರಡಿನಲ್ಲಿ ಇಲ್ಲವೇ ಇಲ್ಲ.

ಕಾಲೇಜು ಸಂಗ್ರಹ, ಧಾರವಾಡ

ಕೇಳಿದ್ದೆ. ಅಜ್ಜಿಯೇ ಹಾಕಿದ್ದೆಂದು ದಾನಿ ಹೇಳುತ್ತಾರೆ, ಅಜ್ಜಿಯ ಅತ್ತೆ ಹಾಕಿದ್ದೆಂದು ಅವರ ತಂಗಿ ಫೋನಿನಲ್ಲಿ ಹೇಳಿದರು. ಕಸೂತಿಗೆ ಪ್ರತ್ಯೇಕ ಸಾಲು ತೆರೆದು ಎರಡೂ ಹೇಳಿಕೆಗಳನ್ನು, ಯಾರು ಯಾವ ದಿನ ಹೇಳಿದರೆಂಬುದರೊಂದಿಗೆ ಬರೆಯುತ್ತೇನೆ. ಅಲ್ಲಿ ಕಾಲ ‘ತಿಳಿದಿಲ್ಲ’ ಎಂದೇ ಇರುತ್ತದೆ. ಸೋಮವಾರ ಹತ್ತಿಯ ಪಟ್ಟಿಯ ಮೇಲೆ ನೀರಿಗೆ ಹರಡದ ಶಾಯಿಯಿಂದ ಸಂಖ್ಯೆ ಬರೆದು ಸೀರೆಗೆ ಹೊಲಿಯಬೇಕೆಂದಿದ್ದೇನೆ. ದಡಿಯ ಅಂಚು ದಪ್ಪವಾಗಿರುವುದರಿಂದ ಅಲ್ಲಿಯೇ ಹಾಕಬಹುದೇ?

ಬೆಟಗೇರಿ ಮಗ್ಗ

ದಡಿಗೆ ಬೇಡಿರಿ ಅಕ್ಕಾರ. ಚಮಕಾ ಎಳೆ ಹಸಿಯಾದರೆ ಬಲ ಕಳೆದುಕೊಳ್ಳುತ್ತದೆ, ಹಳೆಯದಾದರೆ ಸೂಜಿ ತಾಗಿದಲ್ಲೇ ಕಡಿಯುತ್ತದೆ, ನಿಮ್ಮದು ಆಗಲೇ ಉದುರುತ್ತಿದೆ. ಸೆರಗಿನ ಎದುರಿನ ಒಳತುದಿಯಲ್ಲಿ, ದಡಿಯಿಂದ ನಾಲ್ಕು ಬೆರಳು ಒಳಗೆ, ಒಡಲಿನ ಹಿಂಬದಿಗೆ ಹಾಕಿರಿ. ಸೂಜಿ ತೆಳ್ಳಗಿರಲಿ, ಎಳೆಯನ್ನು ಸೀಳದೆ ಎರಡು ಎಳೆಗಳ ಸಂದಿನಲ್ಲಿ ಹಾಯಲಿ, ಪಟ್ಟಿಯ ನಾಲ್ಕು ಮೂಲೆಗೆ ಒಂದೊಂದು ಸಡಿಲ ಹೊಲಿಗೆ ಸಾಕು. ಮಡಿಚುವಾಗ ಹಳೆಯ ಮಡಿಕೆಯ ಗೆರೆಯ ಮೇಲೆ ಮತ್ತೆ ಮಡಿಚಬೇಡಿರಿ, ಆ ಕೆಂಪು ಎಳೆ ಬಿದ್ದದ್ದು ಅಂಥ ಗೆರೆಯಿಂದಲೇ ಇರಬೇಕು.

ಗದಗಿನವ

ನಾಳೆ ಆ ಸಂಸ್ಥೆಗೆ ಮತ್ತೆ ಹೋಗುವವನಿದ್ದೇನೆ. ನಮ್ಮ ದೀಪದ ಒಂದು ಬತ್ತಿಯ ಬಾಯಿಗೆ ಯಾವಾಗಲೋ ಕಲಾಯಿಗಾರನಿಂದ ಬೆಸುಗೆ ಹಾಕಿಸಿದ್ದು ಈಗ ತಾಯಿಗೆ ನೆನಪಾಗಿದೆ.

ಹಳೆ ರಿಜಿಸ್ಟರ್

ಹೋಗುವಾಗ ಅಮ್ಮನವರನ್ನೂ ಕರೆದುಕೊಂಡು ಹೋಗಿರಿ. ದೀಪಗಳನ್ನು ತಿರುವಿ ಅಡಿಯಿಂದ ನೋಡಿರಿ, ಬೆಸುಗೆಯ ಗುರುತು ಮೇಲಿನಿಂದ ಉಜ್ಜಿ ಹೋಗಿದ್ದರೂ ಅಡಿಯಲ್ಲಿ ಉಳಿದಿರುತ್ತದೆ.